ಶಾಲೆ ಬೇಡ ಎನ್ನುವ ಮಗುವನ್ನು ಮೆಟ್ಟಿಲು ಮೆಟ್ಟಿಲಾಗಿ ತರಗತಿಗೆ ಮರಳಿಸುವುದು: ಹಂತ ಹಂತದ ಮಾರ್ಗದರ್ಶಿ

ನಿಧಾನವಾಗಿ ಶಾಲೆಗೆ ಮರಳಿಸುವ ಯೋಜನೆಗಳು ಸಾಮಾನ್ಯವಾಗಿ ಕೆಡುವುದು ಒಂದೇ ಜಾಗದಲ್ಲಿ, ಗೇಟಿನ ಹತ್ತಿರ. ಎರಡು ದಿನ ಹೇಗೋ ನಡೆಯುತ್ತದೆ. ಮೂರನೇ ದಿನ ಮಗು ಸೀರೆಯ ಸೆರಗು ಬಿಡದೆ ಅಳುತ್ತದೆ, ವಾಂತಿ ಬರುತ್ತಿದೆ ಎನ್ನುತ್ತದೆ. 'ಇವತ್ತೊಂದಿನ ಬೇಡ ಬಿಡಿ, ನಾಳೆ ನೋಡೋಣ' ಎಂದು ಮನೆಗೆ ಕರೆದುಕೊಂಡು ಬರುತ್ತಾರೆ. ಮನೆಯ ದಾರಿ ಹಿಡಿದ ಐದು ನಿಮಿಷಕ್ಕೆ ಮಗು ನಗುತ್ತಿರುತ್ತದೆ. ಭಯ ತುತ್ತತುದಿಯಲ್ಲಿದ್ದಾಗ ಹೊರಟು ಬಂದರೆ ಭಯ ಇಳಿಯುತ್ತದೆ ಎಂದು ಮಗುವಿನ ಮೈ ಕಲಿತುಬಿಟ್ಟಿತು. ಮರುದಿನದ ಅಳು ಇನ್ನಷ್ಟು ಜೋರಾಗುವುದು ಇದಕ್ಕೇ. ಮಗು ನಾಟಕ ಮಾಡುತ್ತಿಲ್ಲ, ಹಿಂದಿನ ದಿನ ಕೆಲಸ ಮಾಡಿದ್ದನ್ನೇ ಮತ್ತೆ ಮಾಡುತ್ತಿದೆ.

ಆದ್ದರಿಂದ ಇಡೀ ಕ್ರಮ ನಿಂತಿರುವುದು ಒಂದು ನಿಯಮದ ಮೇಲೆ: ಎಷ್ಟು ಹೊತ್ತು ಶಾಲೆಯಲ್ಲಿರಬೇಕು ಎಂಬುದನ್ನು ಗಡಿಯಾರ ತೀರ್ಮಾನಿಸಬೇಕು, ಅಳು ತೀರ್ಮಾನಿಸಬಾರದು. ಇರುವ ಹೊತ್ತು ನಲವತ್ತೇ ನಿಮಿಷವಾದರೂ ಸರಿ, ಆ ನಲವತ್ತು ನಿಮಿಷ ಮುಗಿಯಬೇಕು.

ಇದು ಆರರಿಂದ ಹತ್ತು ವರ್ಷದೊಳಗಿನ, ಅಪ್ಪ ಅಮ್ಮನನ್ನು ಬಿಟ್ಟಿರಲು ಹೆದರಿ ಶಾಲೆ ಬಿಟ್ಟ ಮಕ್ಕಳಿಗಾಗಿ. ಶಾಲೆ ತಪ್ಪಿಸಿ ನಾಲ್ಕೈದು ದಿನವಷ್ಟೇ ಆಗಿದ್ದರೆ ಮೆಟ್ಟಿಲುಗಳ ಅಗತ್ಯವಿಲ್ಲ. ನಾಳೆಯೇ ಇಡೀ ದಿನಕ್ಕೆ ಕಳಿಸುವುದು ಸುಲಭ, ಮಗುವಿಗೂ ಒಳ್ಳೆಯದು. ಎರಡು ವಾರ ದಾಟಿದ್ದರೆ ಮಾತ್ರ ಈ ಕ್ರಮ.

## ಬೇಕಾಗುವ ವಸ್ತುಗಳು

ಒಂದು ನೋಟ್‌ಬುಕ್, ಮಗು ಓದಬಲ್ಲ ಮುಳ್ಳಿನ ಗಡಿಯಾರ, ಗೋಡೆಗೆ ಹಾಕುವ ಕ್ಯಾಲೆಂಡರ್. ಇದಕ್ಕಿಂತ ಮುಖ್ಯವಾಗಿ, ಮೂರು ವಾರ ಶಾಲೆಯ ಹೊತ್ತಿನಲ್ಲಿ ಬಿಡುವಾಗಿರುವ ಒಬ್ಬ ದೊಡ್ಡವರು ಬೇಕು. ಮನೆಯಲ್ಲಿ ಮದುವೆ, ಊರಹಬ್ಬ, ಮನೆ ಬದಲಾಯಿಸುವುದು ಏನಾದರೂ ಇದ್ದರೆ ಅದು ಮುಗಿದ ಮೇಲೆ ಶುರು ಮಾಡಿ. ಅರ್ಧಕ್ಕೆ ನಿಂತ ಯೋಜನೆಯನ್ನು ಎರಡನೇ ಸಲ ಎಬ್ಬಿಸುವುದು ಕಷ್ಟ.

## ಹಂತ 1: ಇದು ಅಗಲಿಕೆಯ ಆತಂಕವೇ ಎಂದು ನೋಡಿಕೊಳ್ಳಿ

ಶಾಲೆ ಬೇಡ ಎನ್ನುವ ಎಲ್ಲ ಮಕ್ಕಳ ಕಾರಣ ಒಂದೇ ಅಲ್ಲ. ಅಗಲಿಕೆಯ ಆತಂಕವಿರುವ ಮಗುವಿಗೆ ಭಯ ಇರುವುದು ಶಾಲೆಯ ಬಗ್ಗೆ ಅಲ್ಲ, 'ನಾನು ಇಲ್ಲದಾಗ ಅಮ್ಮನಿಗೆ ಏನಾದರೂ ಆದರೆ?' ಎಂಬುದರ ಬಗ್ಗೆ. ಅಮ್ಮ ಜೊತೆಗಿದ್ದರೆ ಶಾಲೆಯ ಅಂಗಳದಲ್ಲೂ ಆರಾಮಾಗಿ ಆಡುತ್ತದೆ. ಅಮ್ಮ ಇಲ್ಲದಿದ್ದರೆ ಟ್ಯೂಷನ್ನೂ ಬೇಡ, ಪಕ್ಕದ ಮನೆಯ ಹುಟ್ಟುಹಬ್ಬವೂ ಬೇಡ. ಬಚ್ಚಲಿಗೆ ಹೋದರೂ ಬಾಗಿಲ ಬಳಿ ನಿಂತಿರುತ್ತದೆ. ಅಮ್ಮ ಫೋನ್ ಎತ್ತದಿದ್ದರೆ ಗಾಬರಿ. ಇಂಥ ಲಕ್ಷಣಗಳು ನಾಲ್ಕು ವಾರಕ್ಕೂ ಮೀರಿ ಉಳಿದಾಗ ಮನೋವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ.

ರಾತ್ರಿ ಅಪ್ಪ ಅಮ್ಮನ ಪಕ್ಕದಲ್ಲೇ ಮಲಗುವುದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಬೇಡಿ. ನಮ್ಮ ಮನೆಗಳಲ್ಲಿ ಹತ್ತು ವರ್ಷದವರೆಗೂ ಅದು ಮಾಮೂಲು. ಬೇರೆ ಮಲಗಿಸುವ ಜಗಳವನ್ನು ಈ ಮೂರು ವಾರದಲ್ಲಿ ತೆಗೆಯಲೇಬೇಡಿ.

ಇನ್ನು ಕೆಲವು ಮಕ್ಕಳು ಅಮ್ಮನನ್ನು ಬಿಟ್ಟು ಎಲ್ಲಿಗೆ ಬೇಕಾದರೂ ಹೋಗುತ್ತಾರೆ, ಶಾಲೆಗೆ ಮಾತ್ರ ಒಲ್ಲರು. ಅಂಥವರಲ್ಲಿ ಗಣಿತದ ದಿನ ಮಾತ್ರ ಹೊಟ್ಟೆನೋವು ಬರುತ್ತದೆಯೇ, ಒಬ್ಬರು ಶಿಕ್ಷಕರ ಹೆಸರು ಕೇಳಿದರೆ ಮುಖ ಬಾಡುತ್ತದೆಯೇ, ವ್ಯಾನ್, ಶೌಚಾಲಯದಂಥ ಒಂದು ಜಾಗಕ್ಕೆ ಮಾತ್ರ ಹೆದರಿಕೆಯೇ ಎಂದು ನೋಡಿ. ಓದಲು ಬರೆಯಲು ಆಗದ ಕಲಿಕಾ ನ್ಯೂನತೆ, ಸಹಪಾಠಿಗಳ ಕಾಟ, ಹೊಡೆತ, ಲೈಂಗಿಕ ಕಿರುಕುಳ ಇವೆಲ್ಲ ಹೀಗೇ ಕಾಣಿಸಿಕೊಳ್ಳಬಹುದು. ಅಂಥ ಅನುಮಾನ ಬಂದರೆ ಮೆಟ್ಟಿಲಿನ ಯೋಜನೆ ಅಲ್ಲಿಗೇ ನಿಲ್ಲಲಿ. ನಿಜವಾದ ಅಪಾಯದೊಳಗೆ ಮಗುವನ್ನು ರೂಢಿ ಮಾಡಿಸಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

## ಹಂತ 2: ಹೊಟ್ಟೆನೋವನ್ನು ಒಂದು ಸಲ ಸರಿಯಾಗಿ ತೋರಿಸಿ ಮುಗಿಸಿ

ಬೆಳಿಗ್ಗೆ ಏಳೂವರೆಗೆ ಶುರುವಾಗಿ, 'ಸರಿ, ಇವತ್ತು ಬೇಡ' ಎಂದ ಮೇಲೆ ಇಳಿದು, ಭಾನುವಾರ ಸುಳಿಯದ ನೋವು ಹೆಚ್ಚಾಗಿ ಆತಂಕದ್ದು. ಆದರೂ ಅದು ಸುಳ್ಳು ನೋವಲ್ಲ. ಹೆದರಿದಾಗ ಕರುಳು ನಿಜವಾಗಿಯೂ ಹಿಂಡುತ್ತದೆ. ಎಲ್ಲಿ ನೋವು ಎಂದರೆ ಮಗು ಹೊಕ್ಕುಳ ಸುತ್ತ ಅಂಗೈ ಸವರಿ ತೋರಿಸುತ್ತದೆ.

ಯೋಜನೆ ಶುರು ಮಾಡುವ ಮೊದಲು ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ, ಹಸಿರು ವಾಂತಿ, ಹೊಕ್ಕುಳಿಂದ ದೂರ ಒಂದೇ ಬಿಂದುವಿನಲ್ಲಿ ನೋವು ಇದ್ದರೆ ತಡಮಾಡಬೇಡಿ. ಇದ್ಯಾವುದೂ ಇಲ್ಲ ಎಂದು ವೈದ್ಯರು ಹೇಳಿದ ಮೇಲೆ ಪ್ರತಿ ವಾರ ಹೊಸ ಡಾಕ್ಟರು, ಹೊಸ ಸ್ಕ್ಯಾನಿಂಗ್ ಬೇಡ. ಪ್ರತಿ ಪರೀಕ್ಷೆಯೂ 'ನನಗೇನೋ ಆಗಿದೆ' ಎಂಬ ನಂಬಿಕೆಯನ್ನು ಗಟ್ಟಿ ಮಾಡುತ್ತದೆ. ದೃಷ್ಟಿ ತೆಗೆಸುವುದು, ತಾಯತ ಕಟ್ಟಿಸುವುದು ಮನೆಯ ಹಿರಿಯರ ಇಷ್ಟವಾದರೆ ಮಾಡಿಸಲಿ. ಆದರೆ ಶಾಲೆಯ ಹೊತ್ತು ತಪ್ಪಿಸಿ ಅಲ್ಲ, ಸಂಜೆ.

## ಹಂತ 3: ಮನೆಯಲ್ಲಿ ಉಳಿದ ದಿನವನ್ನು ಸಪ್ಪೆ ಮಾಡಿ

ಶಾಲೆಗೆ ಹೋಗದ ದಿನ ಬೆಳಿಗ್ಗೆ ಹತ್ತಕ್ಕೆ ಕಾರ್ಟೂನು, ಹನ್ನೊಂದಕ್ಕೆ ಅಜ್ಜಿ ಕಲಸಿ ಬಾಯಿಗಿಡುವ ತುತ್ತು, ಮಧ್ಯಾಹ್ನ ಅಮ್ಮನ ಮಡಿಲು ಸಿಕ್ಕರೆ ಯಾವ ಮೆಟ್ಟಿಲೂ ಕೆಲಸ ಮಾಡದು. ಗದರಬೇಕಿಲ್ಲ, ಶಿಕ್ಷೆಯೂ ಬೇಡ. ಶಾಲೆಯ ವೇಳಾಪಟ್ಟಿಯೇ ಮನೆಯಲ್ಲಿ ನಡೆಯಬೇಕು, ಅಷ್ಟೇ. ಆರೂವರೆಗೆ ಏಳುವುದು, ಒಂಬತ್ತಕ್ಕೆ ಸಮವಸ್ತ್ರ, ಮೇಜಿನ ಮುಂದೆ ಪಠ್ಯಪುಸ್ತಕ, ಡಬ್ಬಿಯಲ್ಲೇ ತಿಂಡಿ. ಟಿವಿ, ಮೊಬೈಲ್ ಶಾಲೆ ಬಿಡುವ ಹೊತ್ತಿನವರೆಗೆ ಇಲ್ಲ. ಮನೆಯವರು ತಮ್ಮ ಕೆಲಸದಲ್ಲಿರಬೇಕು.

ಯೋಜನೆಗೆ ಒಂದು ವಾರ ಮೊದಲೇ ಇದನ್ನು ಶುರು ಮಾಡಿ. ಮನೆಯಲ್ಲಿ ನಾಲ್ವರು ದೊಡ್ಡವರಿದ್ದರೆ ನಾಲ್ವರೂ ಕುಳಿತು ಒಪ್ಪಿಕೊಳ್ಳಬೇಕು. ತಾತ ಗುಟ್ಟಾಗಿ ಮೊಬೈಲ್ ಕೊಟ್ಟರೆ ಇಡೀ ವಾರ ವ್ಯರ್ಥ. ಒಪ್ಪಂದದಲ್ಲಿ ಇನ್ನೊಂದು ಮಾತು ಸೇರಬೇಕು: 'ಹಾಸ್ಟೆಲಿಗೆ ಹಾಕ್ತೀನಿ', 'ಅಮ್ಮ ನಿನ್ನ ಬಿಟ್ಟು ಹೋಗ್ತಾಳೆ', 'ಪೊಲೀಸ್ ಹಿಡ್ಕೊಂಡು ಹೋಗ್ತಾರೆ' ಎಂದು ಯಾರೂ ಹೆದರಿಸಬಾರದು. ಬಿಟ್ಟು ಹೋಗುತ್ತಾರೆ ಎಂಬುದೇ ಈ ಮಗುವಿನ ಭಯ. ಅದನ್ನೇ ಬೆದರಿಕೆಯಾಗಿ ಬಳಸಿದರೆ ಭಯಕ್ಕೆ ಸಾಕ್ಷಿ ಒದಗಿಸಿದಂತೆ.

## ಹಂತ 4: ಶಾಲೆಯ ಜೊತೆ ಐದು ವಿಷಯ ಮಾತಾಡಿಕೊಳ್ಳಿ

ಮಗುವಿಲ್ಲದೆ ಮುಖ್ಯ ಶಿಕ್ಷಕರನ್ನೂ ಕ್ಲಾಸ್ ಟೀಚರನ್ನೂ ಒಟ್ಟಿಗೆ ಕಾಣಿ. ಯಾವ ದಿನ ಎಷ್ಟು ಹೊತ್ತು ಎಂಬ ಪಟ್ಟಿಯನ್ನು ಬರೆದುಕೊಂಡು ಹೋಗಿ, ಅರ್ಧ ದಿನದ ಹಾಜರಾತಿಗೆ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಗೇಟಿನ ಕಾವಲಿನವರಿಗೆ ತಲುಪಿರುವುದಿಲ್ಲ.

ಒಂದು, ಗೇಟಿನಲ್ಲಿ ಮಗುವನ್ನು ಕರೆದುಕೊಳ್ಳಲು ಪ್ರತಿದಿನ ಒಬ್ಬರೇ ಇರಬೇಕು. ಟೀಚರೋ ಆಯಾನೋ, ಯಾರಾದರೂ ಸರಿ. ಎರಡು, ಒಳಗೆ ಹೋದ ಕೂಡಲೇ ಮಗುವಿನ ಕೈಗೆ ಸಣ್ಣ ಕೆಲಸ ಸಿಗಬೇಕು: ಸೀಮೆಸುಣ್ಣ ತರುವುದು, ಕಾಪಿ ಪುಸ್ತಕ ಹಂಚುವುದು. ಮೂರು, 'ಇಷ್ಟು ದಿನ ಎಲ್ಲಿದ್ದೆ?' ಎಂದು ತರಗತಿಯ ಮುಂದೆ ಯಾರೂ ಕೇಳಬಾರದು. ನಾಲ್ಕು, ತಪ್ಪಿಹೋದ ನೋಟ್ಸನ್ನು ಮೂರು ವಾರ ಕೇಳಬಾರದು. ಅವತ್ತಿನ ಪಾಠ ಅವತ್ತಿಗೆ ಸಾಕು. ಐದನೆಯದು ಬಹಳ ಮುಖ್ಯ. ಮಗು ಹೊಟ್ಟೆನೋವು ಎಂದರೆ ಮನೆಗೆ ಫೋನ್ ಮಾಡಬಾರದು. ಹತ್ತು ನಿಮಿಷ ಸ್ಟಾಫ್ ರೂಮಿನಲ್ಲಿ ಮಲಗಿಸಿ, ನೀರು ಕೊಟ್ಟು, ತರಗತಿಗೆ ಕಳಿಸಬೇಕು. ಜ್ವರ ಬಂದರೆ ಅಥವಾ ನಿಜವಾಗಿ ವಾಂತಿಯಾದರೆ ಮಾತ್ರ ಕರೆ.

ಅಳುವ ಮಗುವನ್ನು ಬೈದು, ನಿಲ್ಲಿಸಿ ಸರಿಮಾಡುತ್ತೇವೆ ಎನ್ನುವವರು ಇನ್ನೂ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನಿಮಗೆ ಗೊತ್ತಿರಲಿ.

## ಹಂತ 5: ಭಯದ ಮೆಟ್ಟಿಲನ್ನು ಮಗುವಿನ ಜೊತೆ ಕೂತು ಬರೆಯಿರಿ

ಇಲ್ಲಿಂದ ಒಂದು ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ಏಳು ವರ್ಷದ ಸಿರಿ ಎರಡನೇ ತರಗತಿ. ದಸರಾ ರಜೆಯಲ್ಲಿ ಅಮ್ಮನಿಗೆ ಡೆಂಗಿ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ರಜೆ ಮುಗಿದು ಐದು ವಾರವಾದರೂ ಸಿರಿ ಶಾಲೆಗೆ ಹೋಗಿಲ್ಲ. ಶಾಲೆ ಒಂಬತ್ತೂವರೆಯಿಂದ ಮೂರೂವರೆ, ಶನಿವಾರ ಬೆಳಗಿನ ಅರ್ಧ ದಿನ.

ಸೊನ್ನೆ ಎಂದರೆ ಭಯವೇ ಇಲ್ಲ, ಹತ್ತು ಎಂದರೆ ತಡೆಯಲಾಗದಷ್ಟು. ಪ್ರತಿ ಸನ್ನಿವೇಶಕ್ಕೂ ಮಗುವೇ ಅಂಕ ಕೊಡಬೇಕು. ಸಿರಿಯ ಪಟ್ಟಿ ಹೀಗಿದೆ:

- ಸಂಜೆ ಖಾಲಿ ಶಾಲೆಯ ಅಂಗಳದಲ್ಲಿ ಅಮ್ಮನ ಜೊತೆ ಓಡಾಡುವುದು: 2
- ಅಮ್ಮ ಅಂಗಡಿಗೆ ಹೋಗಿ ಹತ್ತು ನಿಮಿಷಕ್ಕೆ ಬರುವುದು: 3
- ಅಜ್ಜಿಯ ಜೊತೆ ಒಂದು ಗಂಟೆ: 4
- ಕೊನೆಯ ಪಿರಿಯಡ್, ಅಮ್ಮ ವರಾಂಡದಲ್ಲಿ: 5
- ಕೊನೆಯ ಪಿರಿಯಡ್, ಅಮ್ಮ ಗೇಟಿನ ಹೊರಗೆ: 6
- ಊಟದ ಹೊತ್ತಿನಿಂದ ಕೊನೆವರೆಗೆ, ಅಮ್ಮ ಮನೆಯಲ್ಲಿ: 8
- ಪ್ರಾರ್ಥನೆಯಿಂದ ಇಡೀ ದಿನ: 9
- ಶಾಲಾ ವ್ಯಾನಿನಲ್ಲಿ ಒಬ್ಬಳೇ: 10

ಮೊದಲ ಮೂರು ಮೆಟ್ಟಿಲು ಮಗು ತರಗತಿಗೆ ಹೋಗಲು ಶುರು ಮಾಡುವ ಮೊದಲಿನ ವಾರದಲ್ಲೇ ಮುಗಿಯಬೇಕು. 'ಹತ್ತು ನಿಮಿಷ' ಎಂದರೆ ಗಡಿಯಾರ ತೋರಿಸಿ ಹತ್ತೇ ನಿಮಿಷಕ್ಕೆ ಬನ್ನಿ. ನಂತರ ಇಪ್ಪತ್ತು, ನಲವತ್ತೈದು, ಒಂದು ಗಂಟೆ. ನಡುವೆ ಫೋನಿಲ್ಲ. ಹೇಳಿದ ಹೊತ್ತಿಗೆ ಅಮ್ಮ ಬರುತ್ತಾಳೆ ಎಂಬ ಲೆಕ್ಕ ಮಗುವಿನ ತಲೆಯಲ್ಲಿ ಕೂರಬೇಕಾದದ್ದು ಇಲ್ಲಿ.

## ಹಂತ 6: ದಿನದ ಕೊನೆಯಿಂದ ಶುರು ಮಾಡಿ, ಹಿಂದಕ್ಕೆ ಬೆಳೆಸಿ

ಬಹುಪಾಲು ಜನ ಬೆಳಿಗ್ಗೆ ಬಿಟ್ಟು ಒಂದು ಗಂಟೆ ಕಳೆದ ಮೇಲೆ ಕರೆತರುತ್ತಾರೆ. ಅದೂ ನಡೆಯುತ್ತದೆ. ಆದರೆ ಮಗು ಆ ಒಂದು ಗಂಟೆಯೂ ಬಾಗಿಲ ಕಡೆ ನೋಡುತ್ತಿರುತ್ತದೆ, ಉಳಿದವರನ್ನು ಬಿಟ್ಟು ತಾನೊಬ್ಬಳೇ ಎದ್ದು ಹೋಗುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಕೊನೆಯ ಪಿರಿಯಡ್‌ಗೆ ಹೋದರೆ ಗಂಟೆ ಹೊಡೆದಾಗ ಎಲ್ಲರ ಜೊತೆ ಹೊರಬರುತ್ತಾಳೆ. ಯಾವಾಗ ಹೊರಡಬೇಕು ಎಂಬ ಚೌಕಾಸಿಯೇ ಇರುವುದಿಲ್ಲ. ಇದಕ್ಕೆ ಬೆಲೆಯೂ ಇದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಯುವಾಗ ಆತಂಕ ಏರಬಹುದು. ಹಂತ 3ರ ಸಪ್ಪೆ ವೇಳಾಪಟ್ಟಿ ಇಲ್ಲಿ ಆಸರೆಗೆ ಬರುತ್ತದೆ.

ಸೋಮವಾರ ಶುರು ಮಾಡಬೇಡಿ. ಬುಧವಾರ ಶುರು ಮಾಡಿದರೆ ಮೊದಲ ಸುತ್ತು ನಾಲ್ಕೇ ದಿನಕ್ಕೆ ಮುಗಿಯುತ್ತದೆ. ಹೊತ್ತು ಮತ್ತು ಅಮ್ಮನ ದೂರ, ಇವೆರಡನ್ನೂ ಒಂದೇ ದಿನ ಹೆಚ್ಚಿಸಬಾರದು.

ಮೊದಲ ವಾರ. ಬುಧವಾರ 2:50ರಿಂದ 3:30ರ ಕೊನೆಯ ಪಿರಿಯಡ್, ಅಮ್ಮ ಕಿಟಕಿಯಿಂದ ಕಾಣುವಂತೆ ವರಾಂಡದ ಬೆಂಚಿನ ಮೇಲೆ. ಗುರುವಾರ ಅದೇ ಪಿರಿಯಡ್, ಅಮ್ಮ ಕಣ್ಣಿಗೆ ಬೀಳದ ಆಫೀಸ್ ಕೋಣೆಯಲ್ಲಿ. ಶುಕ್ರವಾರ ಅದೇ ಪಿರಿಯಡ್, ಅಮ್ಮ ಗೇಟಿನ ಹೊರಗೆ. ಶನಿವಾರ ಕೊನೆಯ ಎರಡು ಪಿರಿಯಡ್, ಅಮ್ಮ ಗೇಟಿನ ಹೊರಗೇ.

ಎರಡನೇ ವಾರ. ಸೋಮವಾರ ಹೊಸ ಮೆಟ್ಟಿಲಿಲ್ಲ, ಶನಿವಾರದ್ದೇ ಮತ್ತೆ. ಮಂಗಳವಾರ ಎರಡು ಪಿರಿಯಡ್, ಆದರೆ ಅಮ್ಮ ಮನೆಗೆ ಹೋಗುತ್ತಾರೆ. ಬುಧವಾರ ಮತ್ತು ಗುರುವಾರ ಊಟದ ಬಿಡುವಿನಿಂದ, 12:45ಕ್ಕೆ. ಡಬ್ಬಿ ಗೆಳತಿಯರ ಜೊತೆಯೇ ತೆರೆಯಲಿ. ಶುಕ್ರವಾರ ಬೆಳಗಿನ ಸಣ್ಣ ಬಿಡುವಿನ ನಂತರ, 11:15ರಿಂದ. ಶನಿವಾರ ಪ್ರಾರ್ಥನೆಯಿಂದ ಇಡೀ ಅರ್ಧ ದಿನ. ಬೆಳಗಿನ ಗೇಟಿಗೆ ಮೊದಲ ಅಭ್ಯಾಸ ಚಿಕ್ಕ ದಿನದಲ್ಲೇ ಆಗುತ್ತದೆ.

ಮೂರನೇ ವಾರ. ಸೋಮವಾರ ಮತ್ತೆ 11:15ರಿಂದ. ಮಂಗಳವಾರ 10:15ರ ಎರಡನೇ ಪಿರಿಯಡ್‌ನಿಂದ. ಬುಧವಾರ ಇಡೀ ದಿನ. ಆದರೆ ಪ್ರಾರ್ಥನೆಯ ಗದ್ದಲಕ್ಕೆ ನಿಲ್ಲಿಸದೆ ಟೀಚರ್ ಜೊತೆ ನೇರ ತರಗತಿಗೆ. ಗುರುವಾರದಿಂದ ಪ್ರಾರ್ಥನೆಯೂ ಸೇರಿ ಪೂರ್ತಿ ದಿನ. ವ್ಯಾನು ನಾಲ್ಕನೇ ವಾರಕ್ಕಿರಲಿ, ಅಲ್ಲಿಯವರೆಗೆ ಅಪ್ಪನೋ ಚಿಕ್ಕಪ್ಪನೋ ಬಿಡಲಿ. ಸಾಧಾರಣವಾಗಿ ಅಮ್ಮನಿಗಿಂತ ಬೇರೆಯವರು ಬಿಟ್ಟಾಗ ಗೇಟಿನ ಅಳು ಕಡಿಮೆ.

ಪ್ರತಿದಿನ ನೋಟ್‌ಬುಕ್ಕಿನಲ್ಲಿ ಮೂರು ಅಂಕ ಬೀಳಬೇಕು: ಗೇಟಿನಲ್ಲಿ, ಒಳಗೆ ಹೋದ ಹತ್ತು ನಿಮಿಷಕ್ಕೆ, ಹೊರಡುವಾಗ. ನಡುವಿನ ಅಂಕವನ್ನು ಟೀಚರ್ ಮೆಲ್ಲಗೆ ಕೇಳಿ ಚೀಟಿಯಲ್ಲಿ ಬರೆದರೆ ಸಾಕು. ಸಿರಿಗೆ ಮೊದಲ ದಿನ 8, 7, 4. ಎರಡನೇ ದಿನ 8, 5, 2. ಗೇಟಿನ ಅಂಕ ಇಳಿದಿಲ್ಲವೆಂದು ಅಮ್ಮ ಸೋತೆ ಎಂದುಕೊಳ್ಳುತ್ತಾಳೆ. ನೋಡಬೇಕಾದದ್ದು ಎಂಟರಿಂದ ಎರಡಕ್ಕೆ ಇಳಿದದ್ದನ್ನು. ಅಳುತ್ತಲೇ ಒಳಗೆ ಹೋಗಿ ನಗುತ್ತ ಹೊರಬಂದರೆ ಮೆಟ್ಟಿಲು ಗೆದ್ದಂತೆ, ಮುಂದಿನದಕ್ಕೆ ಹೋಗಬಹುದು. ಗೇಟಿನ ಅಂಕ ಇಳಿಯಲು ಶುರುವಾಗುವುದು ಎಷ್ಟೋ ಸಲ ಎರಡನೇ ವಾರದಲ್ಲಿ.

## ಹಂತ 7: ಗೇಟಿನ ಒಂದು ನಿಮಿಷ

ವಿದಾಯ ಒಂದು ನಿಮಿಷದೊಳಗೆ ಮುಗಿಯಬೇಕು, ಮಾತು ದಿನವೂ ಅದೇ ಇರಬೇಕು. ಉದಾಹರಣೆಗೆ: 'ಅಳು ಬಂದ್ರೂ ಪರವಾಗಿಲ್ಲ ಪುಟ್ಟಿ. ಶಾರದಾ ಮಿಸ್ ಕೈ ಹಿಡ್ಕೋತಾರೆ. ಮೂರೂವರೆಗೆ ಬೇವಿನ ಮರದ ಕೆಳಗೆ ನಾನಿರ್ತೀನಿ.' ಒಂದು ಅಪ್ಪುಗೆ, ಕೈಯನ್ನು ಮಿಸ್ ಕೈಗೆ ಕೊಟ್ಟು, ತಿರುಗಿ ಹೊರಟುಬಿಡುವುದು.

ಇಲ್ಲಿ ಆಗುವ ತಪ್ಪುಗಳು ಎಲ್ಲ ಮನೆಯಲ್ಲೂ ಒಂದೇ ತರ. ಮಗುವಿನ ಗಮನ ಬೇರೆ ಕಡೆ ಸೆಳೆದು ಕದ್ದು ಹೋಗುವುದು ಮೊದಲನೆಯದು. ಅವತ್ತಿಗೆ ಅಳು ತಪ್ಪುತ್ತದೆ, ಮರುದಿನದಿಂದ ಮಗು ಒಂದು ಕ್ಷಣವೂ ಕಣ್ಣು ತೆಗೆಯುವುದಿಲ್ಲ. 'ಏನೂ ಆಗಲ್ಲ, ಏನೂ ಆಗಲ್ಲ' ಎಂದು ಹತ್ತು ಸಲ ಹೇಳುವುದು ಎರಡನೆಯದು. ಅಷ್ಟು ಸಲ ಹೇಳಬೇಕಾದರೆ ಏನೋ ಇರಲೇಬೇಕು ಎಂದು ಮಗು ಊಹಿಸುತ್ತದೆ. ಮೂರನೆಯದು, ಹೊರಟ ಮೇಲೆ ಅಳು ಕೇಳಿ ಗೋಡೆಯ ಮರೆಯಿಂದ ಇಣುಕುವುದು. ಮಗು ಕಂಡಿತೆಂದರೆ ಇಳಿಯುತ್ತಿದ್ದ ಭಯ ಮತ್ತೆ ಮೊದಲಿನಿಂದ.

ಕರೆತರಲು ಮೂರು ಇಪ್ಪತ್ತೈದಕ್ಕೇ ಮರದ ಕೆಳಗಿರಿ. ಈ ವಾರಗಳಲ್ಲಿ ಹತ್ತು ನಿಮಿಷ ತಡವಾದರೂ ಮೂರು ಮೆಟ್ಟಿಲು ಕೆಳಗಿಳಿದಂತೆ. ಸಂಜೆ 'ಅತ್ತಿದ್ಯಾ?' ಎಂದು ವಿಚಾರಣೆ ಬೇಡ. ಆ ದಿನದ ಮೆಟ್ಟಿಲು ಮುಗಿದಿದ್ದರೆ, ಅತ್ತಿದ್ದರೂ, ಮೊದಲೇ ಮಾತಾಡಿಕೊಂಡ ಸಣ್ಣ ಬಹುಮಾನ ಕೊಡಿ. ರಾತ್ರಿ ಯಾವ ಕಥೆ ಎಂದು ಆರಿಸುವುದು, ಅಪ್ಪನ ಜೊತೆ ಅರ್ಧ ಗಂಟೆ ಕೇರಂ, ಇಂಥದ್ದು ಸಾಕು. ಸೈಕಲ್ ಕೊಡಿಸುತ್ತೇನೆ ಎಂಬ ಮಾತು ಆಡಿದರೆ ಎರಡನೇ ವಾರಕ್ಕೆ ಕೊಡಲು ಏನೂ ಉಳಿಯುವುದಿಲ್ಲ.

## ಹಂತ 8: ಸಿಕ್ಕಿಕೊಂಡಾಗ

ಬೆಳಿಗ್ಗೆ ಕೈಮೀರಿತು, ಹೊರಡುವ ಹೊತ್ತು ತಪ್ಪಿತು ಎಂದಿಟ್ಟುಕೊಳ್ಳಿ. ಆ ದಿನವನ್ನು ಕೈಬಿಡಬೇಡಿ. ತಡವಾಗಿಯಾದರೂ, ಕೊನೆಯ ಪಿರಿಯಡ್‌ಗಾದರೂ ಹೋಗಿ ಬರಬೇಕು. ಪೂರ್ತಿ ತಪ್ಪಿದ ಒಂದು ದಿನ ಮುಂದಿನ ಎರಡು ದಿನವನ್ನು ಭಾರ ಮಾಡುತ್ತದೆ.

ಒಂದೇ ಮೆಟ್ಟಿಲಿನಲ್ಲಿ ಮೂರು ದಿನ ಹೊರಡುವಾಗಿನ ಅಂಕವೂ ಇಳಿಯದಿದ್ದರೆ ಮೆಟ್ಟಿಲು ಎತ್ತರವಾಯಿತು ಎಂದರ್ಥ. ಅದನ್ನು ಎರಡಾಗಿ ಒಡೆಯಿರಿ. ಸಿರಿಗೆ ಎರಡನೇ ಬುಧವಾರ ಊಟದ ಹೊತ್ತು ಆಗಲಿಲ್ಲ. ಅಂಗಳದ ಗಲಾಟೆಯಲ್ಲಿ ಅವಳು ಒಬ್ಬಂಟಿಯಾಗುತ್ತಿದ್ದಳು. ಆಗ ಊಟ ಮುಗಿದು ತರಗತಿ ಶುರುವಾಗುವ 1:20ಕ್ಕೆ ಎರಡು ದಿನ, ಆಮೇಲೆ ಪಕ್ಕದ ಬೆಂಚಿನ ಹುಡುಗಿಯ ಜೊತೆ ಊಟಕ್ಕೆ. ಯೋಜನೆ ಎರಡು ದಿನ ತಡವಾಯಿತು, ನಿಲ್ಲಲಿಲ್ಲ. ಎಷ್ಟೇ ಕಷ್ಟವಾದರೂ ಶಾಲೆಯಲ್ಲಿರುವ ಹೊತ್ತನ್ನು ಸೊನ್ನೆಗೆ ಇಳಿಸಬೇಡಿ.

ಇನ್ನೊಂದು ರೀತಿಯಲ್ಲೂ ಸಿಕ್ಕಿಕೊಳ್ಳುತ್ತದೆ. ಎಲ್ಲ ಚೆನ್ನಾಗಿದೆ, ಆದರೆ ಅಮ್ಮ ತಿಂಗಳಾದರೂ ವರಾಂಡದ ಬೆಂಚಿನಲ್ಲೇ. ಮಗು ಅಳುತ್ತಿಲ್ಲ ಎಂದು ಶಾಲೆಗೂ ಸಮಾಧಾನ. ಅಲ್ಲಿ ಮಗು ಕಲಿಯುತ್ತಿರುವುದು ಅಮ್ಮ ಇದ್ದರೆ ಶಾಲೆ ಸರಿ ಎಂಬುದನ್ನಷ್ಟೇ. ಬೆಂಚಿಗೆ ಒಂದು ದಿನ, ಹೆಚ್ಚೆಂದರೆ ಎರಡು.

ಮೂರು ವಾರ ಸರಿಯಾಗಿ ನಡೆಸಿದರೂ ಊಟದ ಹೊತ್ತಿನವರೆಗೂ ತಲುಪದಿದ್ದರೆ, ಮಗು ಊಟ ಬಿಟ್ಟು ತೂಕ ಇಳಿದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಉಸಿರು ಕಟ್ಟಿದಂತೆ ಗಾಬರಿಯಾದರೆ ಮಕ್ಕಳ ಮನೋವೈದ್ಯರನ್ನು ಕಾಣಿ. 'ಸಾಯಬೇಕು' ಎಂಬ ಮಾತು ಬಂದರೆ ಅವತ್ತೇ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಮೊದಲು ವಿಚಾರಿಸಬಹುದು.

ಮಾತ್ರೆ ಎಂದ ಕೂಡಲೇ ಬೆಚ್ಚುವವರಿಗೆ ಒಂದು ಲೆಕ್ಕ. ಅಗಲಿಕೆಯ ಆತಂಕವೂ ಸೇರಿದಂತೆ ಆತಂಕದ ತೊಂದರೆಯಿದ್ದ 488 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥದೇ ಮೆಟ್ಟಿಲಿನ ಅಭ್ಯಾಸವಿರುವ ಮಾತಿನ ಚಿಕಿತ್ಸೆ ಒಂದರಿಂದಲೇ ಸುಮಾರು 60 ಪ್ರತಿಶತ ಮಕ್ಕಳು ಚೆನ್ನಾಗಿ ಸುಧಾರಿಸಿದರು. ಅದರ ಜೊತೆಗೆ ಆತಂಕ ತಗ್ಗಿಸುವ ಸರ್ಟ್ರಲೀನ್ ಮಾತ್ರೆಯನ್ನೂ ಪಡೆದವರಲ್ಲಿ ಅದು 81 ಪ್ರತಿಶತ. ಸಿರಪ್ಪು, ನಿದ್ದೆಮಾತ್ರೆಗಳನ್ನು ಔಷಧಿ ಅಂಗಡಿಯಲ್ಲಿ ಕೇಳಿ ಕೊಡಬೇಡಿ.

## ಹಂತ 9: ಪ್ರತಿ ರಜೆಯ ನಂತರ

ಶಾಲೆಗೆ ಮರಳಿದ ಮಗು ಮತ್ತೆ ಎಡವುವ ದಿನಗಳು ಮೊದಲೇ ಗೊತ್ತಿರುತ್ತವೆ: ಸೋಮವಾರ, ಜ್ವರದಿಂದೆದ್ದ ಮರುದಿನ, ದಸರಾ ರಜೆ ಮುಗಿದ ದಿನ, ಜೂನ್ ಮೊದಲ ವಾರದ ಹೊಸ ತರಗತಿ, ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ. ರಜೆ ಮುಗಿಯುವ ಮೂರು ದಿನ ಮೊದಲೇ ಏಳುವ ಹೊತ್ತನ್ನು ಆರೂವರೆಗೆ ತನ್ನಿ. ಹಿಂದಿನ ಸಂಜೆ ಶಾಲೆಯ ಅಂಗಳಕ್ಕೆ ಒಂದು ಸುತ್ತು ಹೋಗಿ ಬನ್ನಿ. ಹೊಸ ಟೀಚರಿಗೆ ಹಳೆಯ ನೋಟ್‌ಬುಕ್ ತೋರಿಸಿ. ಮೊದಲ ದಿನ ಅತ್ತರೆ ಮೆಟ್ಟಿಲನ್ನು ಮತ್ತೆ ಮೊದಲಿನಿಂದ ಹತ್ತಿಸಬೇಡಿ. ಗೇಟಿನ ಅದೇ ಮಾತು, ಅದೇ ಬೇವಿನ ಮರ, ಪೂರ್ತಿ ದಿನ. ಸತತ ಎರಡು ದಿನ ತಪ್ಪಿಸಿದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಕೊನೆಗೆ ಗೆದ್ದ ಮೆಟ್ಟಿಲಿನಿಂದ ಶುರು ಮಾಡಿ.